ಮೊದಲ ಪಾಸ್‌ಪೋರ್ಟ್: ಆಧಾರ್‌ನಲ್ಲಿ ಊರಿನ ವಿಳಾಸ, ವಾಸ ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಯಾವ ವಿಳಾಸ ಕೊಡಬೇಕು, ತತ್ಕಾಲ್ ಹಾಕಬೇಕೇ?

ಹಾನಗಲ್ಲಿನ_ಕಾವ್ಯ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಇದುವರೆಗೆ ಪಾಸ್‌ಪೋರ್ಟ್ ಮಾಡಿಸಿಲ್ಲ. ಕಂಪನಿಯವರು ಜರ್ಮನಿಯ ಕೆಲಸಕ್ಕೆ ನನ್ನ ಹೆಸರನ್ನು ಸೂಚಿಸಿದ್ದಾರೆ. ವೀಸಾ ಅರ್ಜಿಗೆ ಮುಂದಿನ ತಿಂಗಳ ಕೊನೆಯೊಳಗೆ ಪಾಸ್‌ಪೋರ್ಟ್ ಸಂಖ್ಯೆ ಬೇಕು ಎಂದಿದ್ದಾರೆ.

ನನ್ನ ತೊಡಕು ವಿಳಾಸದ್ದು. ಆಧಾರ್ ಮತ್ತು ಮತದಾರರ ಚೀಟಿಯಲ್ಲಿ ಹಾವೇರಿ ಜಿಲ್ಲೆಯ ನಮ್ಮ ಊರಿನ ಮನೆಯ ವಿಳಾಸವಿದೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ನಾನು ಏಳು ತಿಂಗಳಿನಿಂದ ಬೆಂಗಳೂರಿನಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಬಾಡಿಗೆ ಕರಾರು ಪತ್ರ ಹನ್ನೊಂದು ತಿಂಗಳಿನದು, ಇ-ಸ್ಟಾಂಪ್ ಕಾಗದದಲ್ಲಿದೆ, ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿಲ್ಲ. ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿದೆ.

ಎರಡನೆಯ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ KAVYA S B ಎಂದಿದೆ. ಆಧಾರ್ ಮತ್ತು ಪ್ಯಾನ್‌ನಲ್ಲಿ Kavya Shivappa Badiger ಎಂದಿದೆ. (ಹೆಸರನ್ನು ಸ್ವಲ್ಪ ಬದಲಿಸಿ ಬರೆದಿದ್ದೇನೆ, ಸಮಸ್ಯೆ ಇದೇ.) ಪೊಲೀಸ್ ಪರಿಶೀಲನೆ ಎಲ್ಲಿ ನಡೆಯುತ್ತದೆ, ತತ್ಕಾಲ್‌ನಲ್ಲಿ ಹಾಕಿದರೆ ಪೊಲೀಸರು ಬರುವುದಿಲ್ಲವೇ, ದಯವಿಟ್ಟು ತಿಳಿದವರು ಹೇಳಿ.

ಮಂಡ್ಯ_ರವಿ

ಕಾವ್ಯ ಅವರೇ, ತಲೆ ಕೆಡಿಸಿಕೊಳ್ಳಬೇಡಿ. ಆಧಾರ್‌ನಲ್ಲಿ ಏನಿದೆಯೋ ಅದನ್ನೇ ಕೊಡಿ. ತತ್ಕಾಲ್ ಹಾಕಿ. ತತ್ಕಾಲ್ ಎಂದರೆ ಪೊಲೀಸರ ಕೆಲಸವೇ ಇಲ್ಲ, ಮೂರು ದಿನದಲ್ಲಿ ಪುಸ್ತಕ ಮನೆಗೆ ಬರುತ್ತದೆ. ನನ್ನ ತಮ್ಮನಿಗೆ ಹಾಗೆಯೇ ಬಂತು.

ಗೀತಾ_ಶಿವಮೊಗ್ಗ

ಮಗಳೇ, ನನಗೆ ಕಳೆದ ವರ್ಷ ಪಾಸ್‌ಪೋರ್ಟ್ ಬಂದಾಗ ಪೊಲೀಸರು ಬರಲೇ ಇಲ್ಲ. ತತ್ಕಾಲ್ ಸಹ ಹಾಕಿರಲಿಲ್ಲ. ಹಳೆಯ ಪುಸ್ತಕ ಒಯ್ದೆ, ಬೆರಳಚ್ಚು ಕೊಟ್ಟೆ, ಒಂದು ವಾರದೊಳಗೆ ಹೊಸದು ಬಂತು. ಸುಮ್ಮನೆ ಹೆಚ್ಚು ಹಣ ಏಕೆ ಕಟ್ಟುತ್ತೀಯ?

ಕಡತಪ್ರಿಯ

ಗೀತಮ್ಮ, ನಿಮ್ಮದು ಅವಧಿ ಮುಗಿದ ಪಾಸ್‌ಪೋರ್ಟಿನ ಮರುವಿತರಣೆ. ಅಲ್ಲಿ ವಿಳಾಸವೂ ಹೆಸರೂ ಬದಲಾಗದಿದ್ದರೆ ಹಲವು ಬಾರಿ ಪೊಲೀಸ್ ಪರಿಶೀಲನೆಯೇ ಇಲ್ಲದೆ ಕೊಡುತ್ತಾರೆ. ಕಾವ್ಯ ಅವರದು ಹೊಸ ಅರ್ಜಿ. ಅವರ ಬಗ್ಗೆ ಇಲಾಖೆಯ ಬಳಿ ಹಿಂದಿನ ಕಡತ ಯಾವುದೂ ಇಲ್ಲ, ಹಾಗಾಗಿ ಪರಿಶೀಲನೆ ಒಂದಲ್ಲ ಒಂದು ಹಂತದಲ್ಲಿ ನಡೆಯುತ್ತದೆ.

ರವಿ ಅವರ ಮಾತು ಅರ್ಧ ಸರಿ. ತತ್ಕಾಲ್‌ನಲ್ಲಿ ಪೊಲೀಸ್ ಪರಿಶೀಲನೆ ರದ್ದಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಮೊದಲು ಪಾಸ್‌ಪೋರ್ಟ್ ಮುದ್ರಿಸಿ ಕಳುಹಿಸುತ್ತಾರೆ, ಅನಂತರ ಪೊಲೀಸರು ಬರುತ್ತಾರೆ. ವರದಿ ಪ್ರತಿಕೂಲವಾಗಿ ಬಂದರೆ ಕೈಗೆ ಬಂದ ಪಾಸ್‌ಪೋರ್ಟಿಗೂ ಕಚೇರಿಯಿಂದ ನೋಟಿಸ್ ಬರುತ್ತದೆ, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅದನ್ನು ವಾಪಸು ಪಡೆಯುವ ಅಧಿಕಾರವೂ ಅವರಿಗಿದೆ. ಮೂರನೆಯ ಕೆಲಸದ ದಿನದೊಳಗೆ ರವಾನೆ ಎಂಬ ಲೆಕ್ಕ ಶುರುವಾಗುವುದು ನೀವು ಸೇವಾ ಕೇಂದ್ರಕ್ಕೆ ಹೋಗಿ ಅರ್ಜಿ ಮಂಜೂರಾದ ಮೇಲೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದ ದಿನದಿಂದ ಅಲ್ಲ. ಇನ್ನೊಂದು ವಿಷಯವೆಂದರೆ, ತತ್ಕಾಲ್ ಕೇಳಿದ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ. ದಾಖಲೆಗಳನ್ನು ನೋಡಿದ ಅಧಿಕಾರಿಗೆ ಅನುಮಾನ ಬಂದರೆ ಪೊಲೀಸ್ ವರದಿ ಬಂದ ಮೇಲೆಯೇ ಕೊಡುತ್ತೇವೆ ಎಂದು ನಿರ್ಧರಿಸಬಹುದು.

ಆದ್ದರಿಂದ ಕಾವ್ಯ ಅವರು ಮೊದಲು ವಿಳಾಸವನ್ನು ತೀರ್ಮಾನಿಸಬೇಕು. ತತ್ಕಾಲ್ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಮಂಡ್ಯ_ರವಿ

ನನ್ನ ತಮ್ಮನ ಮನೆಗೆ ಇದುವರೆಗೂ ಯಾರೂ ಬಂದಿಲ್ಲವಲ್ಲ ಸರ್.

ನಿವೃತ್ತ_ಠಾಣೆ_ಬರಹಗಾರ

ರವಿಯವರೇ, ಮನೆಗೆ ಬಂದಿಲ್ಲ ಎಂದ ಮಾತ್ರಕ್ಕೆ ಪರಿಶೀಲನೆ ಆಗಿಲ್ಲ ಎಂದು ತಿಳಿಯಬೇಡಿ. 2018ರಲ್ಲಿ ನಿಯಮ ಸಡಿಲವಾದ ಮೇಲೆ ಪೊಲೀಸರು ಅರ್ಜಿದಾರರನ್ನು ಖುದ್ದಾಗಿ ಭೇಟಿಯಾಗಲೇಬೇಕೆಂಬ ಕಡ್ಡಾಯವಿಲ್ಲ. ಮುಖ್ಯವಾಗಿ ನೋಡಬೇಕಾದದ್ದು ಎರಡು: ವ್ಯಕ್ತಿ ಭಾರತದ ಪ್ರಜೆಯೇ, ಮತ್ತು ಅವರ ಮೇಲೆ ಕ್ರಿಮಿನಲ್ ಪ್ರಕರಣಗಳಿವೆಯೇ. ಠಾಣೆಯ ದಾಖಲೆಗಳನ್ನು ನೋಡಿ ವರದಿ ಕಳುಹಿಸಿದ್ದರೂ ಕಳುಹಿಸಿರಬಹುದು.

ಆದರೆ ರೂಢಿಯಲ್ಲಿ ನಮ್ಮ ರಾಜ್ಯದ ಬಹುತೇಕ ಠಾಣೆಗಳಲ್ಲಿ ಮೊದಲ ಪಾಸ್‌ಪೋರ್ಟ್ ಎಂದರೆ ಬೀಟ್ ಸಿಬ್ಬಂದಿ ಫೋನ್ ಮಾಡುತ್ತಾರೆ. ಮನೆಗೆ ಬರುತ್ತಾರೆ, ಇಲ್ಲವೇ ಠಾಣೆಗೆ ಬರಹೇಳುತ್ತಾರೆ. ಮೂಲ ದಾಖಲೆ, ಜೆರಾಕ್ಸ್ ಪ್ರತಿ, ಫೋಟೋ ಕೇಳುತ್ತಾರೆ. ಅಕ್ಕಪಕ್ಕದ ಇಬ್ಬರ ಹೆಸರು ಮತ್ತು ಸಹಿಯನ್ನೂ ಕೇಳುವುದುಂಟು. ಕಳೆದ ಒಂದು ವರ್ಷ ಎಲ್ಲೆಲ್ಲಿ ಇದ್ದಿರಿ ಎಂದು ಕೇಳಿಯೇ ಕೇಳುತ್ತಾರೆ. ಕಾವ್ಯ ಅವರು ಈ ಪ್ರಶ್ನೆಗೆ ಸಿದ್ಧರಾಗಿರಬೇಕು, ಏಕೆಂದರೆ ಏಳು ತಿಂಗಳು ಇಲ್ಲಿ, ಅದಕ್ಕೂ ಮೊದಲು ಬೇರೆಡೆ ಎಂದಾಗುತ್ತದೆ.

ಹಾನಗಲ್ಲಿನ_ಕಾವ್ಯ

ಅದಕ್ಕೂ ಮೊದಲು ಊರಿನಲ್ಲೇ ಇದ್ದು ಮನೆಯಿಂದ ಕೆಲಸ ಮಾಡುತ್ತಿದ್ದೆ ಸರ್. ಹಾಗಾದರೆ ಊರಿನ ವಿಳಾಸ ಕೊಟ್ಟರೆ ಸುಲಭವಲ್ಲವೇ? ಅದಕ್ಕಾಗಿ ಹುಬ್ಬಳ್ಳಿಯ ಕೇಂದ್ರಕ್ಕೇ ಹೋಗಬೇಕಾಗುತ್ತದೆಯೇ?

ಕಡತಪ್ರಿಯ

ಹೋಗಬೇಕಾಗಿಲ್ಲ. ಇಡೀ ಕರ್ನಾಟಕ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಊರಿನ ವಿಳಾಸ ಕೊಟ್ಟರೂ ಲಾಲ್‌ಬಾಗ್ ರಸ್ತೆಯ ಅಥವಾ ಮಾರತ್ತಹಳ್ಳಿಯ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಪಡೆಯಬಹುದು. ಈಗ ದೇಶದ ಯಾವ ಕಚೇರಿಯಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ ಪೊಲೀಸ್ ಪರಿಶೀಲನೆ ಹೋಗುತ್ತದೆ, ಪುಸ್ತಕವೂ ಅದೇ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗುತ್ತದೆ. ಅಂದರೆ ನೀವು ಊರಿನ ವಿಳಾಸ ಕೊಟ್ಟರೆ ಕಡತ ಹಾವೇರಿಯ ಎಸ್‌ಪಿ ಕಚೇರಿಗೆ ಹೋಗಿ, ಅಲ್ಲಿಂದ ನಿಮ್ಮ ಠಾಣೆಗೆ ಬರುತ್ತದೆ. ಬೆಂಗಳೂರಿನದು ಕೊಟ್ಟರೆ ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ ನಿಮ್ಮ ಬಡಾವಣೆಯ ಠಾಣೆಗೆ ಬರುತ್ತದೆ.

ಅರ್ಜಿ ಕೇಳುವುದು ಈಗ ವಾಸವಿರುವ ವಿಳಾಸವನ್ನು. ಕಾಯಂ ವಿಳಾಸಕ್ಕೆ ಬೇರೆ ಜಾಗವಿದೆ. ನೀವು ಬೆಂಗಳೂರಿನಲ್ಲಿದ್ದು ಊರಿನದನ್ನು ಈಗಿನ ವಿಳಾಸವೆಂದು ಬರೆದರೆ, ಪೊಲೀಸರು ಹೋದ ದಿನ ಅಮ್ಮ ಮುಗ್ಧವಾಗಿ "ಮಗಳು ಬೆಂಗಳೂರಿನಲ್ಲಿದ್ದಾಳೆ" ಎನ್ನುತ್ತಾರೆ. ವರದಿಯಲ್ಲಿ "ಅರ್ಜಿದಾರರು ಈ ವಿಳಾಸದಲ್ಲಿ ವಾಸವಿಲ್ಲ" ಎಂದು ಬೀಳುತ್ತದೆ. ಮೊದಲ ಪಾಸ್‌ಪೋರ್ಟುಗಳು ಸಿಕ್ಕಿಕೊಳ್ಳುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದೇ. ಆಮೇಲೆ ಜಾಲತಾಣದಲ್ಲಿ ಕಡತದ ಸ್ಥಿತಿ ನೋಡಿದರೆ ಪ್ರಾದೇಶಿಕ ಕಚೇರಿಯಲ್ಲಿ ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಾ ನಿಂತುಬಿಡುತ್ತದೆ. ಕೋರಮಂಗಲದ ಕಚೇರಿಗೆ ಹೋಗಿ ವಿವರಣೆ ಕೊಟ್ಟು, ಮರುಪರಿಶೀಲನೆ ಕೇಳಬೇಕಾಗುತ್ತದೆ. ನಾನು ನಮ್ಮ ಕಂಪನಿಯ ಹೊಸ ನೌಕರರ ಇಂತಹ ಕಡತಗಳನ್ನು ಬಹಳ ಕಾಲದಿಂದ ನೋಡಿಕೊಳ್ಳುತ್ತಿದ್ದೇನೆ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಸೈಬರ್_ಮಲ್ಲಣ್ಣ

ಕಡತಪ್ರಿಯ ಸರ್ ಹೇಳುವುದು ನಿಯಮದ ಪ್ರಕಾರ ಸರಿ, ಆದರೆ ನಮ್ಮ ತಾಲ್ಲೂಕಿನಲ್ಲಿ ನಡೆಯುವುದು ಬೇರೆ. ನನ್ನ ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುವವರು. ಎಲ್ಲರೂ ಊರಿನ ವಿಳಾಸವನ್ನೇ ಕೊಡುತ್ತಾರೆ. ಠಾಣೆಯಿಂದ ಫೋನ್ ಬಂದಾಗ ರಾತ್ರಿ ಬಸ್ಸಿಗೆ ಹತ್ತಿ ಬಂದು, ಠಾಣೆಯಲ್ಲಿ ಸಹಿ ಮಾಡಿ, ಮರುದಿನ ವಾಪಸು ಹೋಗುತ್ತಾರೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ವರದಿ ಬೇಗ ಹೋಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಪಕ್ಕದ ಮನೆಯವರಿಗೆ ಇವರ ಹೆಸರೇ ಗೊತ್ತಿರುವುದಿಲ್ಲ, ಸಾಕ್ಷಿ ಹಾಕುವವರು ಯಾರು? ಸ್ವಂತ ಮನೆ, ಹೆತ್ತವರು, ಮತದಾನದ ಹಕ್ಕು ಎಲ್ಲವೂ ಊರಿನಲ್ಲಿರುವಾಗ ಅದು ಸುಳ್ಳು ವಿಳಾಸ ಹೇಗಾಗುತ್ತದೆ?

ನಿವೃತ್ತ_ಠಾಣೆ_ಬರಹಗಾರ

ಮಲ್ಲಣ್ಣನವರೇ, ವಿಳಾಸ ಸುಳ್ಳಲ್ಲ, "ಅಲ್ಲಿ ವಾಸವಿದ್ದೇನೆ" ಎಂಬ ಹೇಳಿಕೆ ಸುಳ್ಳಾಗುತ್ತದೆ. ವಾರಾಂತ್ಯಕ್ಕೆ ಊರಿಗೆ ಬಂದು ಹೋಗುವವರನ್ನು, ಓದಲು ಹಾಸ್ಟೆಲಿನಲ್ಲಿರುವವರನ್ನು ನಾವು ಮನೆಯವರೆಂದೇ ಬರೆಯುತ್ತಿದ್ದೆವು. ಎರಡು ವರ್ಷದಿಂದ ಊರಿನತ್ತ ಮುಖ ಹಾಕದವರ ವಿಷಯದಲ್ಲಿ ಹಾಗೆ ಬರೆಯಲು ಕೈ ಬರುತ್ತಿರಲಿಲ್ಲ. ಗೆರೆ ಎಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬ ಅಧಿಕಾರಿ ಒಂದೊಂದು ಕಡೆ ತೋರಿಸುತ್ತಾರೆ. ಅರ್ಜಿಯಲ್ಲಿ ತಿಳಿದೂ ತಪ್ಪು ಮಾಹಿತಿ ಕೊಡುವುದು 1967ರ ಪಾಸ್‌ಪೋರ್ಟ್ ಕಾಯಿದೆಯ 12ನೇ ಕಲಮಿನಲ್ಲಿ ಅಪರಾಧ ಎಂಬುದನ್ನು ಮಾತ್ರ ಮರೆಯಬೇಡಿ. ಅದರಲ್ಲಿ ಎರಡು ವರ್ಷದವರೆಗೆ ಸಜೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಇದೆ.

ಬೆಳಗಾವಿ_ಸುನೀಲ

ನಡುವೆ ನನ್ನದೊಂದು ಪ್ರಶ್ನೆ, ಕ್ಷಮಿಸಿ. ಜಮೀನಿನ ಬದುವಿನ ಜಗಳದಲ್ಲಿ ನನ್ನ ಹೆಸರನ್ನೂ ಎಫ್‌ಐಆರ್‌ನಲ್ಲಿ ಸೇರಿಸಿದ್ದಾರೆ. ಇನ್ನೂ ಚಾರ್ಜ್‌ಶೀಟ್ ಆಗಿಲ್ಲ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕುವಂತೆಯೇ ಇಲ್ಲವೇ? ಅರ್ಜಿಯಲ್ಲಿ ಪ್ರಕರಣ ಇಲ್ಲ ಎಂದು ಬರೆದರೆ ನಡೆಯುತ್ತದೆಯೇ?

ಕಡತಪ್ರಿಯ

ಸುನೀಲ್, ಅರ್ಜಿ ಹಾಕಬಹುದು. ಕಾಯಿದೆಯ 6(2)(ಎಫ್) ತಡೆಯುವುದು ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರುವವರನ್ನು. ಬರಿಯ ಎಫ್‌ಐಆರ್ ಇದ್ದು ತನಿಖೆ ನಡೆಯುತ್ತಿದ್ದರೆ ಅದು ಬಾಕಿ ಪ್ರಕರಣವಲ್ಲ, ನ್ಯಾಯಾಲಯ ಅದನ್ನು ವಿಚಾರಣೆಗೆ ಅಂಗೀಕರಿಸಿದ ಮೇಲೆ ಮಾತ್ರ ಬಾಕಿ ಎನಿಸುತ್ತದೆ ಎಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಹಂತ ದಾಟಿದ್ದರೂ ಸಂಬಂಧಪಟ್ಟ ನ್ಯಾಯಾಲಯದ ಅನುಮತಿ ಪಡೆದು, 1993ರ ಅಧಿಸೂಚನೆಯ ಪ್ರಕಾರ ಸೀಮಿತ ಅವಧಿಯ ಪಾಸ್‌ಪೋರ್ಟ್ ಪಡೆಯುವ ದಾರಿ ಇದೆ. ಆದರೆ ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಠಾಣೆಯ ದಾಖಲೆಯಲ್ಲಿ ನಿಮ್ಮ ಹೆಸರು ಹೇಗೂ ಸಿಗುತ್ತದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಪ್ರಕರಣಕ್ಕಿಂತ ಮುಚ್ಚಿಟ್ಟಿದ್ದೇ ದೊಡ್ಡ ಅಡ್ಡಿಯಾಗುತ್ತದೆ. ನಿಮ್ಮ ವಕೀಲರ ಬಳಿ ಪ್ರಕರಣ ಯಾವ ಹಂತದಲ್ಲಿದೆ ಎಂದು ಕೇಳಿಕೊಂಡು ಮುಂದುವರಿಯಿರಿ.

ಬೆಳಗಾವಿ_ಸುನೀಲ

ಬಹಳ ಉಪಕಾರವಾಯಿತು ಸರ್. ವಕೀಲರನ್ನು ಕೇಳುತ್ತೇನೆ.

ಹಾನಗಲ್ಲಿನ_ಕಾವ್ಯ

ನಾನು ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಠಾಣೆಯಿಂದ ಕರೆ ಬಂದ ದಿನ ರಜೆ ಸಿಗುವುದೂ ಅನುಮಾನ. ಹಾಗಾಗಿ ಬೆಂಗಳೂರಿನ ವಿಳಾಸವನ್ನೇ ಕೊಡುವುದು ಸರಿ ಎನಿಸುತ್ತಿದೆ. ಆದರೆ ವಿಳಾಸದ ಪುರಾವೆಯಾಗಿ ಏನು ಕೊಡಲಿ? ಈ ಬಾಡಿಗೆ ಕರಾರು ಪತ್ರ ಆಗುವುದಿಲ್ಲವೇ?

ಕಡತಪ್ರಿಯ

ಆಗುವುದಿಲ್ಲ. ಪಟ್ಟಿಯಲ್ಲಿ ಇರುವುದು ನೋಂದಾಯಿತ ಬಾಡಿಗೆ ಕರಾರು. ಬೆಂಗಳೂರಿನಲ್ಲಿ ನಮ್ಮೆಲ್ಲರ ಕೈಯಲ್ಲಿರುವುದು ಸ್ಟಾಂಪ್ ಕಾಗದದ ಹನ್ನೊಂದು ತಿಂಗಳ ಪತ್ರ. ನೋಟರಿ ಮುದ್ರೆ ಇದ್ದರೂ ಅದು ನೋಂದಣಿಯಾಗುವುದಿಲ್ಲ. ಕೌಂಟರಿನಲ್ಲಿ ಅದನ್ನು ತೋರಿಸಿ ವಾಪಸಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಪರಿಸ್ಥಿತಿಯಲ್ಲಿ ಬೇಗ ಸಿಗುವುದು ಬ್ಯಾಂಕ್ ಪಾಸ್‌ಬುಕ್. ಚಾಲ್ತಿಯಲ್ಲಿರುವ ಖಾತೆಯದಾಗಿರಬೇಕು, ನಿಮ್ಮ ಫೋಟೋ ಅಂಟಿಸಿ ಬ್ಯಾಂಕಿನ ಮುದ್ರೆ ಹಾಕಿರಬೇಕು, ಬೆಂಗಳೂರಿನ ವಿಳಾಸ ಮುದ್ರಣವಾಗಿರಬೇಕು, ಇತ್ತೀಚಿನವರೆಗಿನ ವಹಿವಾಟು ನಮೂದಾಗಿರಬೇಕು. ಮೊಬೈಲಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟ್ ಅದಕ್ಕೆ ಬದಲಿಯಲ್ಲ. ಶಾಖೆಗೆ ಹೋಗಿ ವಿಳಾಸ ಬದಲಿಸಿ ಹೊಸ ಪಾಸ್‌ಬುಕ್ ಕೇಳಿ. ಹೆಸರಾಂತ ಕಂಪನಿಯಾದರೆ ಅದರ ಲೆಟರ್‌ಹೆಡ್‌ನಲ್ಲಿ ಉದ್ಯೋಗದಾತರ ಪತ್ರವೂ ವಿಳಾಸದ ಪುರಾವೆಯ ಪಟ್ಟಿಯಲ್ಲಿದೆ. ಎರಡನ್ನೂ ಇಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಗಟ್ಟಿಯಾದ ದಾರಿ ಆಧಾರ್‌ನ ವಿಳಾಸವನ್ನೇ ಬೆಂಗಳೂರಿಗೆ ಬದಲಿಸಿಕೊಳ್ಳುವುದು. ಅದಾದರೆ ಕೌಂಟರಿನಲ್ಲಿ ಪ್ರಶ್ನೆಯೇ ಏಳುವುದಿಲ್ಲ.

ಪುತ್ತೂರು_ನವೀನ

ಆಧಾರ್‌ನಲ್ಲಿ ಬೇರೆ ವಿಳಾಸವಿದ್ದು ಪಾಸ್‌ಬುಕ್ ತೋರಿಸಿದರೆ ಕೆಲವರು ಒಪ್ಪುತ್ತಾರೆ, ಕೆಲವರು "ಆಧಾರ್ ಸರಿ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ. ನನ್ನ ಹೆಂಡತಿಗೆ ಒಪ್ಪಿದರು, ಅದೇ ಕೇಂದ್ರದಲ್ಲಿ ನನ್ನ ನಾದಿನಿಗೆ ಒಪ್ಪಲಿಲ್ಲ. ನಿಯಮ ಒಂದೇ ಇರುವಾಗ ಇದು ಹೇಗೆ?

ಕಡತಪ್ರಿಯ

ನವೀನ್, ಪಟ್ಟಿಯ ಪ್ರಕಾರ ಒಂದು ವಿಳಾಸದ ಪುರಾವೆ ಸಾಕು, ಅದು ಆಧಾರ್ ಆಗಿರಲೇಬೇಕೆಂದಿಲ್ಲ. ಆದರೆ ಎರಡು ದಾಖಲೆಗಳಲ್ಲಿ ಎರಡು ವಿಳಾಸ ಕಂಡಾಗ ಅಧಿಕಾರಿ ತಮ್ಮ ವಿವೇಚನೆ ಬಳಸುತ್ತಾರೆ. ಅದನ್ನು ತಪ್ಪು ಎಂದು ನಾನು ಹೇಳಲಾರೆ, ಸರಿ ಎಂದೂ ಒಪ್ಪಲಾರೆ.

ಸೈಬರ್_ಮಲ್ಲಣ್ಣ

ಹೆಸರಿನ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಅದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಹೇಳುತ್ತೇನೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ ಕಾವ್ಯ ಮೇಡಂ. ಎಸ್ ಬಿ ಎಂದರೆ ಏನು ಎಂದು ಪೂರ್ತಿ ಬಿಡಿಸಿ ಬರೆಯಬೇಕು. ಅರ್ಜಿಯಲ್ಲಿ ಎರಡು ಖಾನೆಗಳಿರುತ್ತವೆ. ನಿಮ್ಮದನ್ನು ಹೀಗೆ ತುಂಬಬೇಕು:

```
Given Name : KAVYA SHIVAPPA
Surname    : BADIGER
```

ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಹೀಗೆಯೇ ಇರುವುದರಿಂದ ನಿಮಗೆ ಅದೃಷ್ಟವಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಕೆಳಗೆ ತಂದೆಯ ಹೆಸರು ಶಿವಪ್ಪ ಎಂದು ಇದ್ದೇ ಇರುತ್ತದೆ, ಆದ್ದರಿಂದ ಆ ಎಸ್ ಎಲ್ಲಿಂದ ಬಂತೆಂದು ಅಧಿಕಾರಿಗೆ ತಕ್ಷಣ ತಿಳಿಯುತ್ತದೆ. ತೊಂದರೆಯಾಗುವುದು ಅಂಕಪಟ್ಟಿಯಲ್ಲಿ ತಂದೆಯ ಹೆಸರು ಶಿವಪ್ಪ ಎಂದಿದ್ದು ಆಧಾರ್‌ನಲ್ಲಿ ಶಿವಾನಂದ ಎಂದಿದ್ದಾಗ, ಅಥವಾ ಆಧಾರ್‌ನಲ್ಲಿಯೂ Kavya S B ಎಂದು ಕುಳಿತಿದ್ದಾಗ. ಹಾಗಿದ್ದವರಿಗೆ ನಾನು ಮೊದಲು ಆಧಾರ್ ತಿದ್ದಿಸಿಕೊಂಡು ಬನ್ನಿ ಎಂದೇ ಹೇಳುತ್ತೇನೆ.

ಪುತ್ತೂರು_ನವೀನ

ಅಡ್ಡಹೆಸರಿನ ಖಾನೆಯನ್ನು ಖಾಲಿ ಬಿಡಬೇಡಿ ಎಂದು ಎಲ್ಲರಿಗೂ ಹೇಳಿ ಮಲ್ಲಣ್ಣ. ನಮ್ಮ ಕಡೆ ಒಂದೇ ಹೆಸರಿನವರು ಬಹಳ. ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ, ಆದರೆ ಯುಎಇ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶ ನಿಲ್ಲಿಸಿತು. ನಮ್ಮ ನೆರೆಯ ಹುಡುಗನ ಟಿಕೆಟ್ಟಿನ ಹಣವೆಲ್ಲ ಹೋಯಿತು.

ಇನ್ನೊಂದು ಮಾತು. ಕಾವ್ಯ ಅವರೇ, ಅಂಕಪಟ್ಟಿಯನ್ನು ತಪ್ಪದೆ ಒಯ್ಯಿರಿ. ಹತ್ತನೇ ತರಗತಿ ಪಾಸಾದ ದಾಖಲೆ ತೋರಿಸದಿದ್ದರೆ ಪುಸ್ತಕದ ಮೇಲೆ ಇಸಿಆರ್, ಅಂದರೆ ವಲಸೆ ಅನುಮತಿ ಬೇಕೆಂಬ ನಮೂದು, ಬೀಳುವ ಸಾಧ್ಯತೆ ಇದೆ. ಜರ್ಮನಿಗೆ ಅದರಿಂದ ತೊಂದರೆಯಿಲ್ಲ, ಆದರೆ ನಾಳೆ ಗಲ್ಫ್ ಕಡೆ ಕೆಲಸಕ್ಕೆ ಹೊರಟರೆ ವಲಸೆ ಅನುಮತಿಗೆ ಅಲೆಯಬೇಕಾಗುತ್ತದೆ.

ಗೀತಾ_ಶಿವಮೊಗ್ಗ

ಜನನ ಪ್ರಮಾಣಪತ್ರ ಬೇಡವೇ? ಈಗ ಅದು ಕಡ್ಡಾಯ ಎಂದು ಟಿವಿಯಲ್ಲಿ ಹೇಳಿದರು.

ಸೈಬರ್_ಮಲ್ಲಣ್ಣ

ಅದು 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಅಮ್ಮ. ಅದಕ್ಕೂ ಮೊದಲು ಹುಟ್ಟಿದವರಿಗೆ ಅಂಕಪಟ್ಟಿ, ಪ್ಯಾನ್, ಚಾಲನಾ ಪರವಾನಗಿ ಇವುಗಳಲ್ಲಿ ಒಂದು ಸಾಕು. ಎಲ್ಲದರಲ್ಲೂ ಹುಟ್ಟಿದ ದಿನಾಂಕ ಒಂದೇ ಇರಬೇಕು, ಅಷ್ಟೇ.

ಹಾನಗಲ್ಲಿನ_ಕಾವ್ಯ

ಮಲ್ಲಣ್ಣ, ನವೀನ್ ಸರ್, ಧನ್ಯವಾದಗಳು. ಈಗ ತತ್ಕಾಲ್ ವಿಷಯಕ್ಕೆ ಬರೋಣ. ಬೇಕೇ, ಬೇಡವೇ?

ಕಡತಪ್ರಿಯ

ನಿಮ್ಮ ಗಡುವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಸಾಮಾನ್ಯ ಅರ್ಜಿಯಲ್ಲಿ ಅಪಾಯಿಂಟ್‌ಮೆಂಟಿಗೆ ಕಾಯಬೇಕು. ಅನಂತರ ಪೊಲೀಸ್ ವರದಿಗೆ ಇಟ್ಟ ಗುರಿ 21 ದಿನ. ವರದಿ ಬಂದ ಮೇಲೆ ಮುದ್ರಣ, ಆಮೇಲೆ ಅಂಚೆ. ಎಲ್ಲವೂ ನೆಟ್ಟಗೆ ನಡೆದರೆ ನಿಮ್ಮ ಗಡುವಿನೊಳಗೆ ಮುಗಿಯುತ್ತದೆ, ಆದರೆ ಯಾವುದಾದರೂ ಒಂದು ಹಂತ ಜಾರಿದರೆ ಸರಿದೂಗಿಸಲು ಸಮಯ ಉಳಿಯುವುದಿಲ್ಲ. ತತ್ಕಾಲ್‌ನಲ್ಲಿ ಪೊಲೀಸರ ಆ ಅವಧಿ ಪುಸ್ತಕ ಬಂದ ನಂತರಕ್ಕೆ ಸರಿಯುತ್ತದೆ. ವೀಸಾಗೆ ಬೇಕಾಗಿರುವುದು ಪುಸ್ತಕ ಮತ್ತು ಅದರ ಸಂಖ್ಯೆಯಾದ್ದರಿಂದ ನಿಮಗೆ ತತ್ಕಾಲ್ ಸೂಕ್ತ.

36 ಪುಟಗಳ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ತತ್ಕಾಲ್‌ಗೆ ಇನ್ನೂ 2,000. ಅಪಾಯಿಂಟ್‌ಮೆಂಟ್ ಪಡೆಯುವಾಗ ಆನ್‌ಲೈನ್‌ನಲ್ಲಿ ಮೊದಲಿನದನ್ನು ಮಾತ್ರ ಕಟ್ಟುತ್ತೀರಿ, ಉಳಿದದ್ದನ್ನು ಕೇಂದ್ರದಲ್ಲಿ ಕಟ್ಟಬೇಕು. ತತ್ಕಾಲ್‌ಗೆಂದೇ ಇರುವ ಪಟ್ಟಿಯಿಂದ ಮೂರು ದಾಖಲೆ ಬೇಕು. ನಿಮ್ಮ ಬಳಿ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಆಗುತ್ತವೆ. ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ, ಬ್ಯಾಂಕಿನವರು ಪಾಸ್‌ಬುಕ್ಕಿನಲ್ಲಿ Kavya S B ಎಂದು ಮುದ್ರಿಸಿದ್ದರೆ ವಿಳಾಸದ ಜೊತೆಗೆ ಅದನ್ನೂ ತಿದ್ದಿಸಿ. ಅನೆಕ್ಸರ್-ಇ ಎಂಬ ಸ್ವಯಂ ಘೋಷಣೆಯನ್ನು ಬಿಳಿ ಹಾಳೆಯ ಮೇಲೆ ಮುದ್ರಿಸಿ ಸಹಿ ಮಾಡಿದರೆ ಸಾಕು, ನೋಟರಿ ಬೇಕಿಲ್ಲ. ಹಿಂದೆ ದೊಡ್ಡ ಅಧಿಕಾರಿಯೊಬ್ಬರ ದೃಢೀಕರಣ ಪತ್ರ ತರಬೇಕಿತ್ತು, ಈಗ ಅದಿಲ್ಲ.

ಮಂಡ್ಯ_ರವಿ

ಸರ್, ಆಧಾರ್, ಪ್ಯಾನ್, ಮತದಾರರ ಚೀಟಿ ಮೂರೂ ಇದ್ದರೆ ಸಾಮಾನ್ಯ ಅರ್ಜಿಯಲ್ಲೇ ಪೊಲೀಸ್ ಪರಿಶೀಲನೆ ಆಮೇಲೆ ಎಂದು ಓದಿದ್ದೆ. ಹಾಗಿದ್ದರೆ ಎರಡು ಸಾವಿರ ಏಕೆ ಕಟ್ಟಬೇಕು?

ಕಡತಪ್ರಿಯ

ಈ ಬಾರಿ ನೀವು ಓದಿದ್ದು ಸರಿ ರವಿ. 2016ರ ಜನವರಿಯಲ್ಲಿ ಸಚಿವಾಲಯ ಪ್ರಕಟಿಸಿದ ಸೌಲಭ್ಯವದು. ಆ ಮೂರು ದಾಖಲೆ ಮತ್ತು ಘೋಷಣೆ ಕೊಟ್ಟವರಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಮೊದಲು ಪಾಸ್‌ಪೋರ್ಟ್, ಆಮೇಲೆ ಪರಿಶೀಲನೆ.

ಪುತ್ತೂರು_ನವೀನ

ನನ್ನ ಹೆಂಡತಿ ಮೂರನ್ನೂ ಕೊಟ್ಟಿದ್ದಳು, ಆದರೂ ಪೊಲೀಸ್ ವರದಿ ಬಂದ ಮೇಲೆಯೇ ಕೊಟ್ಟರು. ಕೇಳಿದ್ದಕ್ಕೆ "ಅಧಿಕಾರಿಯ ತೀರ್ಮಾನ" ಎಂದರು. ಕಾಗದದ ಮೇಲಿರುವ ಸೌಲಭ್ಯ ಕೌಂಟರಿನಲ್ಲಿ ಸಿಗದಿದ್ದರೆ ಅದನ್ನು ನಂಬಿ ಗಡುವು ಇಟ್ಟುಕೊಳ್ಳುವುದು ಹೇಗೆ?

ಕಡತಪ್ರಿಯ

ಅದಕ್ಕೇ ನಾನು ಅದನ್ನು ಕಾವ್ಯ ಅವರಿಗೆ ಸೂಚಿಸಲಿಲ್ಲ. ಅವರ ಮತದಾರರ ಚೀಟಿಯ ವಿಳಾಸವೂ ಊರಿನದು. ಅವಸರವಿಲ್ಲದವರು ಪ್ರಯತ್ನಿಸಬಹುದು.

ಬೆಳಗಾವಿ_ಸುನೀಲ

ಏಜೆಂಟರ ಮೂಲಕ ಹೋದರೆ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಎನ್ನುತ್ತಾರೆ, ನಿಜವೇ?

ಸೈಬರ್_ಮಲ್ಲಣ್ಣ

ಅರ್ಜಿ ತುಂಬಿಕೊಡುವ ಕೆಲಸಕ್ಕೆ ನಾನೂ ಹಣ ಪಡೆಯುತ್ತೇನೆ, ಆದರೆ ಅಪಾಯಿಂಟ್‌ಮೆಂಟ್ ಎಲ್ಲರಿಗೂ ಒಂದೇ ಕಡೆಯಿಂದ, passportindia.gov.in ನಿಂದ ಅಥವಾ mPassport Seva ಆ್ಯಪ್‌ನಿಂದ ಬರುತ್ತದೆ. ಹುಡುಕಿದಾಗ ಮೇಲೆ ಕಾಣಿಸುವ ಒಂದೇ ರೀತಿಯ ಹೆಸರಿನ ಬೇರೆ ತಾಣಗಳಲ್ಲಿ ಹಣ ಕಟ್ಟಿ ಬಂದವರ ಅಳಲನ್ನು ನಾನು ಕೇಳಿದ್ದೇನೆ. ವಿಳಾಸದ ಕೊನೆಯಲ್ಲಿ gov.in ಇದೆಯೇ ಎಂದು ನೋಡಿ ಮುಂದುವರಿಯಿರಿ.

ಕಡತಪ್ರಿಯ

ಕಾವ್ಯ, ಕೇಂದ್ರದೊಳಗೆ ಹೋದ ಮೇಲೆ ಎರಡು ಕಡೆ ಎಚ್ಚರವಾಗಿರಿ. ಮೊದಲನೆಯದು ಎ ಕೌಂಟರ್. ಅಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಫೋಟೋ ತೆಗೆದು, ಬೆರಳಚ್ಚು ಪಡೆಯುತ್ತಾರೆ. ನಿಮ್ಮ ವಿವರ ತೆರೆಯ ಮೇಲೆ ಕಾಣುತ್ತದೆ. ಹಿಂದೆ ಸಾಲು ನಿಂತಿದೆ ಎಂದು ಅವಸರ ಮಾಡದೆ ತಂದೆ ತಾಯಿಯ ಹೆಸರು, ಹುಟ್ಟಿದ ಊರು, ಮನೆ ಸಂಖ್ಯೆ, ಪಿನ್‌ಕೋಡ್ ಎಲ್ಲವನ್ನೂ ಅಕ್ಷರಶಃ ಓದಿ. BADIGER ಎಂಬುದು BADIGAR ಆಗಿದ್ದರೆ ಅಲ್ಲೇ ಒಂದು ಮಾತಿನಲ್ಲಿ ಸರಿಯಾಗುತ್ತದೆ. ಪುಸ್ತಕ ಅಚ್ಚಾದ ಮೇಲೆ ಅದಕ್ಕೆ ಮತ್ತೆ ಅರ್ಜಿ ಹಾಕಬೇಕು. ಬಿ ಕೌಂಟರಿನಲ್ಲಿ ಮೂಲ ದಾಖಲೆ ನೋಡುತ್ತಾರೆ, ಸಿ ಕೌಂಟರಿನ ಅಧಿಕಾರಿ ಮಂಜೂರು ಮಾಡುತ್ತಾರೆ.

ಎರಡನೆಯದು ಹೊರಬರುವಾಗ ಕೊಡುವ ಸ್ವೀಕೃತಿ ಪತ್ರ. ಅದನ್ನು ಮಡಿಚಿ ಚೀಲಕ್ಕೆ ಹಾಕುವ ಮೊದಲು ಅಲ್ಲೇ ನಿಂತು ಓದಿ. ನಿಮ್ಮ ಕಡತಕ್ಕೆ ಪೊಲೀಸ್ ಪರಿಶೀಲನೆ ಮೊದಲೋ ನಂತರವೋ ಎಂದು ಅದರಲ್ಲಿ ಬರೆದಿರುತ್ತದೆ. ತತ್ಕಾಲ್ ಶುಲ್ಕ ಕಟ್ಟಿಯೂ ಪರಿಶೀಲನೆ ಮೊದಲು ಎಂದಿದ್ದರೆ ನಿಮ್ಮ ಲೆಕ್ಕ ಬದಲಾಯಿತೆಂದು ಅರ್ಥ, ಆ ದಿನವೇ ಕಂಪನಿಗೆ ತಿಳಿಸಿಬಿಡಿ. ಯಾವುದಾದರೂ ದಾಖಲೆ ಸಾಲದೆ ತಡೆಹಿಡಿದಿದ್ದರೆ ಯಾವುದು ಬೇಕು ಎಂಬುದೂ ಅದರಲ್ಲೇ ಇರುತ್ತದೆ.

ನಿವೃತ್ತ_ಠಾಣೆ_ಬರಹಗಾರ

ನನ್ನ ಕಡೆಯಿಂದಲೂ ಒಂದಿಷ್ಟು. ತತ್ಕಾಲ್‌ನಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ಹುಡುಗರು ಠಾಣೆಯ ಫೋನನ್ನು ಕಡೆಗಣಿಸುತ್ತಾರೆ. ಗೊತ್ತಿಲ್ಲದ ಸಂಖ್ಯೆ ಎಂದು ಎತ್ತುವುದಿಲ್ಲ. ಅಲ್ಲಿಗೆ ವರದಿಯಲ್ಲಿ "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಹೋಗುತ್ತದೆ. ಆದ್ದರಿಂದ ವಿದೇಶಕ್ಕೆ ಹೊರಡುವ ಮೊದಲು ಈ ಕೆಲಸ ಮುಗಿಯಿತೇ ಎಂದು ಕಡತ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ ತಾಣದಲ್ಲಿ ನೋಡಿಕೊಳ್ಳಿ. ಮನೆ ಮಾಲೀಕರಿಗೂ ಜೊತೆಯಲ್ಲಿರುವ ಗೆಳತಿಯರಿಗೂ ಈಗಲೇ ವಿಷಯ ತಿಳಿಸಿ. ನೋಂದಣಿಯಾಗದ ಆ ಬಾಡಿಗೆ ಪತ್ರ ಕೌಂಟರಿನಲ್ಲಿ ನಡೆಯದಿದ್ದರೂ ಠಾಣೆಯವರಿಗೆ ನೀವು ಏಳು ತಿಂಗಳಿನಿಂದ ಅಲ್ಲಿದ್ದೀರಿ ಎಂದು ತೋರಿಸಲು ಉಪಯೋಗಕ್ಕೆ ಬರುತ್ತದೆ, ಜೊತೆಯಲ್ಲಿಟ್ಟುಕೊಳ್ಳಿ. ಊರಿನ ವಿಳಾಸವನ್ನು ಕಾಯಂ ವಿಳಾಸದ ಜಾಗದಲ್ಲಿ ಬರೆಯಿರಿ. ಪರಿಶೀಲನೆಗೆ ನೀವು ಯಾರಿಗೂ ಹಣ ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ.

ಪುತ್ತೂರು_ನವೀನ

ರಸೀದಿ ಕೇಳಿದ್ದಕ್ಕೆ ನನ್ನ ಕಡತ ಠಾಣೆಯಲ್ಲೇ ಕುಳಿತುಕೊಂಡಿತ್ತು ಸರ್. ನೇರವಾಗಿ ಎಸ್‌ಪಿ ಕಚೇರಿಗೆ ಲಿಖಿತ ದೂರು ಕೊಟ್ಟ ಮೇಲೆ ಹೊರಟಿತು.

ನಿವೃತ್ತ_ಠಾಣೆ_ಬರಹಗಾರ

ನೀವು ದೂರು ಕೊಟ್ಟಿದ್ದು ಒಳ್ಳೆಯದಾಯಿತು. ಎಲ್ಲರೂ ಹಾಗೆ ಮಾಡುವುದಿಲ್ಲ, ಅದೇ ಬೇಸರದ ಸಂಗತಿ.

ಹಾನಗಲ್ಲಿನ_ಕಾವ್ಯ

ನಾಳೆ ಬ್ಯಾಂಕಿಗೆ ಹೋಗಿ ವಿಳಾಸ ಮತ್ತು ಹೆಸರು ಎರಡನ್ನೂ ಸರಿ ಮಾಡಿಸುತ್ತೇನೆ. ಮಾನವ ಸಂಪನ್ಮೂಲ ವಿಭಾಗದಿಂದ ಪತ್ರವನ್ನೂ ಕೇಳಿದ್ದೇನೆ. ಒಂದೇ ಸಂದೇಹ ಉಳಿದಿದೆ: ಆಧಾರ್ ವಿಳಾಸ ಬದಲಾವಣೆಗೆ ಈಗಲೇ ಕೋರಿಕೆ ಹಾಕಿದರೆ, ಅದು ಮುಗಿಯುವ ಮೊದಲೇ ಅಪಾಯಿಂಟ್‌ಮೆಂಟ್ ದಿನ ಬಂದರೆ ಏನು ಮಾಡಲಿ?

ಸೈಬರ್_ಮಲ್ಲಣ್ಣ

ಅಪಾಯಿಂಟ್‌ಮೆಂಟನ್ನು ಮುಂದೂಡಲು ಅವಕಾಶವಿದೆ, ವರ್ಷದೊಳಗೆ ಮೂರು ಬಾರಿ. ಆಧಾರ್ ಆಗುವವರೆಗೆ ಮುಂದೂಡಿ ಮೇಡಂ, ಎರಡು ವಿಳಾಸ ಹಿಡಿದುಕೊಂಡು ಹೋಗುವ ಉಸಾಬರಿ ಬೇಡ.

ಕಡತಪ್ರಿಯ

ನಾನು ಮುಂದೂಡುವುದಿಲ್ಲ. ತತ್ಕಾಲ್ ದಿನಾಂಕ ಮತ್ತೆ ಬೇಗ ಸಿಗುತ್ತದೆಂಬ ಭರವಸೆ ಇಲ್ಲ. ಪಾಸ್‌ಬುಕ್ ಮತ್ತು ಕಂಪನಿಯ ಪತ್ರ ಹಿಡಿದು ನಿಗದಿಯಾದ ದಿನವೇ ಹೋಗಿ. ಹೆಚ್ಚೆಂದರೆ ತಡೆಹಿಡಿಯುತ್ತಾರೆ, ಆಗ ಬದಲಾದ ಆಧಾರ್ ಒಯ್ದು ಅದೇ ಕಡತವನ್ನು ಮುಂದುವರಿಸಬಹುದು.

ಸೈಬರ್_ಮಲ್ಲಣ್ಣ

ತಡೆಹಿಡಿದ ಕಡತ ಮತ್ತೆ ಚಲಿಸಲು ಎಷ್ಟು ಸಮಯ ಹಿಡಿಯುತ್ತದೆಂದು ಯಾರೂ ಖಚಿತವಾಗಿ ಹೇಳುವುದಿಲ್ಲ ಸರ್. ಈ ವಿಷಯದಲ್ಲಿ ನಾನು ನಿಮ್ಮ ಮಾತನ್ನು ಒಪ್ಪುವುದಿಲ್ಲ.

ಹಾನಗಲ್ಲಿನ_ಕಾವ್ಯ

ಇಬ್ಬರ ಮಾತೂ ಅರ್ಥವಾಯಿತು. ಇವತ್ತು ರಾತ್ರಿ ತಾಣದಲ್ಲಿ ಯಾವ ದಿನಾಂಕಗಳು ಕಾಣುತ್ತವೆ ಎಂದು ನೋಡಿ, ಅದರ ಮೇಲೆ ನಿರ್ಧರಿಸುತ್ತೇನೆ. ದಿನಾಂಕ ಎರಡು ವಾರದಾಚೆ ಸಿಕ್ಕರೆ ಆಧಾರ್ ಕೋರಿಕೆಯನ್ನೂ ಹಾಕುತ್ತೇನೆ, ಈ ವಾರವೇ ಸಿಕ್ಕರೆ ಪಾಸ್‌ಬುಕ್ ಹಿಡಿದು ಹೋಗುತ್ತೇನೆ. ಸ್ವೀಕೃತಿ ಪತ್ರದಲ್ಲಿ ಏನು ಬರೆದರು ಎಂದು ಇಲ್ಲಿಯೇ ತಿಳಿಸುತ್ತೇನೆ.